ತಗಡಿನ ತೂಕ, ತೂತಿನ ತೂಕ

ಬೆಂಗಳೂರಿನ ಪೀಣ್ಯದ ಯಾವುದೇ ಫ್ಯಾಬ್ರಿಕೇಷನ್ ಶೆಡ್ಡಿಗೆ ಡ್ರಾಯಿಂಗ್ ಹಿಡಿದು ಹೋಗಿ, ಮಾತು ಬೇಗನೆ ಕಿಲೋ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಇನ್ನೂ ಕತ್ತರಿಸದ ತಗಡಿನ ತುಂಡು ಎಷ್ಟು ತೂಗುತ್ತದೆ ಎಂದು ಮೊದಲೇ ಹೇಳಬೇಕು. ಅದಕ್ಕೆ ಒಂದೇ ಒಂದು ಸಂಖ್ಯೆ ನೆನಪಿಟ್ಟರೆ ಸಾಕು: 7.85.

ಎಂಎಸ್, ಅಂದರೆ ಮೈಲ್ಡ್ ಸ್ಟೀಲಿನ ಸಾಂದ್ರತೆ ಘನ ಮೀಟರಿಗೆ 7850 ಕೆ.ಜಿ. ಒಂದು ಮಿಲಿಮೀಟರ್ ಎಂದರೆ ಮೀಟರಿನ ಸಾವಿರದಲ್ಲೊಂದು ಪಾಲು. ಹಾಗಾಗಿ ಒಂದು ಚದರ ಮೀಟರ್ ಅಗಲದ, 1 ಮಿ.ಮೀ. ದಪ್ಪದ ತಗಡು 7.85 ಕೆ.ಜಿ. ತೂಗುತ್ತದೆ, 2 ಮಿ.ಮೀ. ಆದರೆ 15.7 ಕೆ.ಜಿ. ಅಲ್ಯೂಮಿನಿಯಂ ಆದರೆ 7.85ರ ಜಾಗದಲ್ಲಿ 2.7 ಹಾಕಿಕೊಳ್ಳಬೇಕು, ಅಷ್ಟೇ.

ಈಗ ಒಂದು ಕಂಟ್ರೋಲ್ ಪ್ಯಾನೆಲಿನ ಮುಂಭಾಗದ ತಗಡನ್ನು ತೆಗೆದುಕೊಳ್ಳೋಣ. 600 ಮಿ.ಮೀ. ಉದ್ದ, 400 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಮೀಟರಿನಲ್ಲಿ 0.6 × 0.4, ಅಂದರೆ 0.24 ಚದರ ಮೀಟರ್. ಅದನ್ನು 15.7ರಿಂದ ಗುಣಿಸಿದರೆ 3.768 ಕೆ.ಜಿ. ತೂತೇ ಇಲ್ಲದ ತಗಡಿನ ತೂಕ ಇದು.

ಇದರಲ್ಲಿ ಮೀಟರ್ ಕೂರಿಸಲು 200 × 150 ಮಿ.ಮೀ. ಕಿಂಡಿ ಇದೆ. 0.03 ಚದರ ಮೀಟರ್ ಜಾಗ, ತೂಕ 0.471 ಕೆ.ಜಿ. ಕೇಬಲ್ ಹಾಯಿಸಲು 50 ಮಿ.ಮೀ. ವ್ಯಾಸದ ನಾಲ್ಕು ದುಂಡು ತೂತುಗಳಿವೆ. ಇವುಗಳ ತೂಕ ತೆಗೆಯುವ ಒಳದಾರಿ, ಮನೆ ಕಟ್ಟಿಸಿದವರಿಗೆ ಗೊತ್ತಿರುವಂಥದ್ದೇ. ಕಂಬಿಯ ತೂಕಕ್ಕೆ ಮೇಸ್ತ್ರಿಗಳು ವ್ಯಾಸದ ವರ್ಗವನ್ನು 162ರಿಂದ ಭಾಗಿಸುತ್ತಾರಲ್ಲ, ಮೀಟರಿಗೆ ಇಷ್ಟು ಕೆ.ಜಿ. ಎಂದು? ಮೀಟರಿಗೆ ಒಂದು ಕೆ.ಜಿ. ಎಂದರೆ ಮಿಲಿಮೀಟರಿಗೆ ಒಂದು ಗ್ರಾಂ. ತೂತಿನಿಂದ ಹೊರಬಿದ್ದ ಬಿಲ್ಲೆಯೂ 2 ಮಿ.ಮೀ. ಉದ್ದದ ಒಂದು ಕಂಬಿಯೇ. ಆದ್ದರಿಂದ 50 × 50 = 2500, ಅದನ್ನು 162ರಿಂದ ಭಾಗಿಸಿದರೆ ಸುಮಾರು 15.4, ದಪ್ಪ 2 ಮಿ.ಮೀ. ಇರುವುದರಿಂದ ಒಂದು ತೂತಿಗೆ ಸುಮಾರು 31 ಗ್ರಾಂ. ನಾಲ್ಕಕ್ಕೆ 123 ಗ್ರಾಂ.

ಇನ್ನು ಸುತ್ತಲೂ ಬೋಲ್ಟಿಗೆಂದು 9 ಮಿ.ಮೀ.ನ ಎಂಟು ತೂತುಗಳಿವೆ. ಎಂಟೂ ಸೇರಿ 8 ಗ್ರಾಂ! ಅಂದಾಜು ಹಾಕುವಾಗ ಇವನ್ನು ಬಿಟ್ಟರೂ ನಡೆಯುತ್ತದೆ. ಕಿಂಡಿಯನ್ನು ಮಾತ್ರ ಬಿಡುವ ಹಾಗಿಲ್ಲ. ಎಲ್ಲ ಕಳೆದ ಮೇಲೆ ತುಂಡಿನ ತೂಕ 3.166 ಕೆ.ಜಿ.

ಲೆಕ್ಕ ಹೆಚ್ಚಾಗಿ ಕೆಡುವುದು ದುಂಡು ತೂತಿನಲ್ಲಿ. ಡ್ರಾಯಿಂಗಿನಲ್ಲಿ ಬರೆದಿರುವುದು ವ್ಯಾಸ, ಶಾಲೆಯಲ್ಲಿ ಕಲಿತ ಸೂತ್ರದಲ್ಲಿರುವುದು ತ್ರಿಜ್ಯ. 50ನ್ನೇ ತ್ರಿಜ್ಯ ಎಂದುಕೊಂಡರೆ ತೂತು ನಾಲ್ಕು ಪಟ್ಟು ಹಿಗ್ಗಿ, 123 ಗ್ರಾಂ ಕಳೆಯುವ ಕಡೆ 493 ಗ್ರಾಂ ಕಳೆದುಹೋಗುತ್ತದೆ. ಇದನ್ನು ಹಿಡಿಯುವುದು ಸುಲಭ. 50 ಮಿ.ಮೀ. ತೂತು 50 × 50ರ ಚೌಕದೊಳಗೆ ಕೂರಲೇಬೇಕು, ಅದರ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ತುಂಬುತ್ತದೆ. ನಿಮ್ಮ ಉತ್ತರ 2500 ಚದರ ಮಿ.ಮೀ. ದಾಟಿದ್ದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಲೆಕ್ಕ ಸರಿಯಿದ್ದೂ ತಕ್ಕಡಿ ಬೇರೆ ಹೇಳಿದರೆ ಮೊದಲು ದಪ್ಪ ನೋಡಬೇಕು. 2 ಮಿ.ಮೀ. ಎಂದು ಬಂದ ತಗಡು 1.9 ಮಿ.ಮೀ. ಇದ್ದರೆ ತೂಕ ನೂರಕ್ಕೆ ಐದರಷ್ಟು ಇಳಿದು 3.01 ಕೆ.ಜಿ.ಗೆ ಬರುತ್ತದೆ. ಬೋಲ್ಟಿನ ತೂತುಗಳನ್ನೆಲ್ಲ ಮರೆತರೂ ಇಷ್ಟು ವ್ಯತ್ಯಾಸ ಬರದು. ಕತ್ತರಿಸಿದ ಅಂಚಿನಲ್ಲಿ ಬರ್ ಎದ್ದಿರುತ್ತದೆ, ಅಲ್ಲಿ ಅಳೆದರೆ ದಪ್ಪ ಹೆಚ್ಚು ತೋರಿಸುತ್ತದೆ. ಅಂಚಿನಿಂದ ಸ್ವಲ್ಪ ಒಳಗೆ, ಮೂರ್ನಾಲ್ಕು ಕಡೆ ಮೈಕ್ರೋಮೀಟರ್ ಹಿಡಿಯುವುದು ಒಳ್ಳೆಯದು. ಗೇಜ್ ಲೆಕ್ಕದಲ್ಲಿ ಮಾತಾಡುವವರಿದ್ದರೆ ಮಿ.ಮೀ. ಎಷ್ಟು ಎಂದು ಕೇಳಿಬಿಡಿ. 16 ಗೇಜ್ ಬ್ರಿಟಿಷ್ ಪಟ್ಟಿಯಲ್ಲಿ 1.63 ಮಿ.ಮೀ., ಅಮೆರಿಕದ ಉಕ್ಕಿನ ಪಟ್ಟಿಯಲ್ಲಿ 1.52.

ಇಷ್ಟಾದರೂ 3.166 ಕೆ.ಜಿ.ಗೆ ಮಾತ್ರ ದುಡ್ಡು ಕೊಟ್ಟರೆ ಸಾಕು ಎಂದುಕೊಳ್ಳಬಾರದು. 2500 × 1250 ಮಿ.ಮೀ.ನ ಇಡೀ ಶೀಟು ಸುಮಾರು 49 ಕೆ.ಜಿ. ತೂಗುತ್ತದೆ, ಅದರಲ್ಲಿ ಇಂಥ ಹನ್ನೆರಡು ತುಂಡು ಬರುತ್ತವೆ. ಒಂದೊಂದರ ಪಾಲಿಗೆ ಬೀಳುವ ಉಕ್ಕು 4.09 ಕೆ.ಜಿ. ಮಧ್ಯದ 0.92 ಕೆ.ಜಿ. ಕಿಂಡಿ, ಬಿಲ್ಲೆ, ಅಂಚಿನ ಪಟ್ಟಿಗಳಾಗಿ ಗುಜರಿಗೆ ಹೋಗುತ್ತದೆ, ಮತ್ತು ಅಲ್ಲಿ ಅದಕ್ಕೆ ಹೊಸ ಶೀಟಿನ ಬೆಲೆ ಸಿಗುವುದಿಲ್ಲ. ಲಾರಿಗೆ ಹೇರಲು, ಗೋಡೆಗೆ ತೂಗುಹಾಕಲು ಬೇಕಾದದ್ದು ತೂತು ಕಳೆದ ತೂಕ. ಮಾಲು ಕೊಳ್ಳಲು ಬೇಕಾದದ್ದು ತೂತೂ ಅಂಚೂ ಸೇರಿದ ತೂಕ. ಕೊಟೇಷನ್ನಿನಲ್ಲಿ ಬರೆದ ಕಿಲೋ ಇವೆರಡರಲ್ಲಿ ಯಾವುದು, ಗುಜರಿ ಯಾರ ಪಾಲಿಗೆ ಎಂಬುದನ್ನು ಆರ್ಡರ್ ಕೊಡುವ ಮುಂಚೆಯೇ ಬರೆಸಿಕೊಳ್ಳಬೇಕು. 200 × 150ರ ಆ ಕಿಂಡಿಯ ತುಂಡಿನಲ್ಲಿ ನಿಮ್ಮದೇ ಒಂದೆರಡು ಸಣ್ಣ ಬ್ರಾಕೆಟ್ ಕತ್ತರಿಸಿಕೊಡಲು ಆಗುತ್ತದೆಯೇ ಎಂದೂ ಆಗಲೇ ಕೇಳಬಹುದು.