ಅಜ್ಜಿಗೊಂದು ಕೆಳಗಿನ ರೂಂ, ಬೆಳಿಗ್ಗೆ ಏಳಕ್ಕೆ

ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಆರೇಳರ ಹೊತ್ತಿಗೆ ಉಡುಪಿ. ಹೋಟೆಲಿನ ಚೆಕ್ ಇನ್ ಮಾತ್ರ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ, ಕೆಲವು ಕಡೆ 2ಕ್ಕೆ. ನಡುವಿನ ಐದಾರು ಗಂಟೆಯನ್ನು ಹರೆಯದವರು ಹೇಗೋ ಕಳೆಯುತ್ತಾರೆ. ಬ್ಯಾಗು ರಿಸೆಪ್ಷನ್‌ನಲ್ಲಿಟ್ಟು ತಿಂಡಿ ಮುಗಿಸಿ ಮಲ್ಪೆ ಕಡೆ ಹೋಗಿಬರುತ್ತಾರೆ. ಮಂಡಿ ನೋವಿನ 78 ವರ್ಷದ ಅಜ್ಜಿಯ ಪಾಡು ಹಾಗಲ್ಲ. ರಾತ್ರಿಯಿಡೀ ಕಾಲು ಮಡಚಿಕೊಂಡು ಬಂದವರಿಗೆ ಇಳಿದ ಕೂಡಲೇ ಬಚ್ಚಲುಮನೆ ಬೇಕು, ಬಿಸಿನೀರು ಬೇಕು, ಕಾಲು ಚಾಚಲು ಹಾಸಿಗೆ ಬೇಕು. ಕೃಷ್ಣಮಠದ ದರ್ಶನ ಆಮೇಲಿನ ಮಾತು.

ಬುಕಿಂಗ್ ಆ್ಯಪ್‌ನಲ್ಲಿ ‘ವಿಶೇಷ ಕೋರಿಕೆ’ ಎಂಬ ಖಾನೆ ಇರುತ್ತದೆ. ಅಲ್ಲಿ ಒಂದು ಸಾಲು ಬರೆದು ನಿಶ್ಚಿಂತರಾಗುವವರೇ ಹೆಚ್ಚು. ಆ ಸಾಲು ಹೋಟೆಲಿಗೆ ತಲುಪಿದರೂ ಅದು ಬರೀ ಕೋರಿಕೆ, ಯಾರೂ ಒಪ್ಪಿಕೊಂಡಂತಾಗುವುದಿಲ್ಲ. ರಿಸೆಪ್ಷನ್‌ನಲ್ಲಿ ಕೂತವರು ಅದನ್ನು ಓದಿರಬೇಕೆಂದೂ ಇಲ್ಲ. ಅದಕ್ಕೇ ಹೋಟೆಲಿನ ಇಮೇಲ್‌ಗೋ ವಾಟ್ಸ್ಆ್ಯಪ್‌ಗೋ ನೇರವಾಗಿ ಒಂದು ಪತ್ರ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಬೇಕು.

ಬರೆಯುವ ಮೊದಲು ಬೆಳಿಗ್ಗೆ ಏಳಕ್ಕೆ ರೂಂ ಯಾಕೆ ಸಿಗುವುದಿಲ್ಲ ಎಂಬುದು ಗೊತ್ತಿರಬೇಕು. ಹಿಂದಿನ ರಾತ್ರಿ ಆ ರೂಮಿನಲ್ಲಿ ಇದ್ದವರಿಗೆ 11ರವರೆಗೋ 12ರವರೆಗೋ ಇರುವ ಹಕ್ಕಿದೆ. ಅವರು ಹೋದಮೇಲೆ ಹಾಸಿಗೆ ಬಟ್ಟೆ ಬದಲಾಗಬೇಕು, ಬಚ್ಚಲು ತೊಳೆಯಬೇಕು. ಅಂದರೆ ಹಿಂದಿನ ರಾತ್ರಿ ರೂಂ ಖಾಲಿ ಇದ್ದರೆ ಮಾತ್ರ ಬೆಳಿಗ್ಗೆ ಕೈಗೆ ಸಿಗುತ್ತದೆ. ಆದ್ದರಿಂದಲೇ ಶನಿವಾರ ಬೆಳಿಗ್ಗೆ ಕಷ್ಟ, ಏಕೆಂದರೆ ಶುಕ್ರವಾರ ರಾತ್ರಿಯೇ ಜನ ಬಂದಿರುತ್ತಾರೆ. ಸೋಮವಾರ ಬೆಳಿಗ್ಗೆ ಸುಲಭ. ಯಾತ್ರಾಸ್ಥಳಗಳ ಹಲವು ಲಾಡ್ಜ್‌ಗಳಲ್ಲಿ 24 ಗಂಟೆಯ ಲೆಕ್ಕ ಇದೆ. ಏಳಕ್ಕೆ ಬಂದರೆ ಮರುದಿನ ಏಳರವರೆಗೆ ಒಂದು ದಿನ. ಅಲ್ಲಿ ಹೆಚ್ಚುವರಿ ಹಣದ ಪ್ರಶ್ನೆ ಬಾರದು, ಆದರೆ ರೂಂ ಖಾಲಿ ಇರಬೇಕಾದ್ದು ಅಲ್ಲೂ ತಪ್ಪಿದ್ದಲ್ಲ.

ಪೂರ್ತಿ ಖಾತ್ರಿ ಬೇಕೆಂದರೆ ದಾರಿ ಒಂದೇ: ಹಿಂದಿನ ರಾತ್ರಿಯಿಂದಲೇ ದುಡ್ಡು ಕೊಟ್ಟು ರೂಂ ಹಿಡಿಯುವುದು. ಹೀಗೆ ಮಾಡುವವರು ‘ನಾವು ಬರುವುದು ಮರುದಿನ ಬೆಳಿಗ್ಗೆ 7ಕ್ಕೆ’ ಎಂದು ಸ್ಪಷ್ಟವಾಗಿ ಬರೆಯಲೇಬೇಕು. ಬರೆಯದಿದ್ದರೆ ರಾತ್ರಿ ಯಾರೂ ಬರಲಿಲ್ಲವೆಂದು ಇಡೀ ಬುಕಿಂಗ್ ರದ್ದಾಗುವ ಅಪಾಯವಿದೆ. ಆ ರಾತ್ರಿಯನ್ನು ಬೇರೆ ಬುಕಿಂಗ್ ಮಾಡದೆ ಉಳಿದ ದಿನಗಳ ಜೊತೆಗೇ ಸೇರಿಸಿ ಮಾಡಿದರೆ ಮಧ್ಯಾಹ್ನ ರೂಂ ಬದಲಿಸುವ ಗೋಳೂ ಇರದು.

ಕೆಳ ಅಂತಸ್ತಿನ ವಿಷಯ ಇದಕ್ಕಿಂತ ಸೂಕ್ಷ್ಮ. ಪೇಟೆಯ ಎಷ್ಟೋ ಹೋಟೆಲುಗಳಲ್ಲಿ ಕೆಳಗೆ ಪಾರ್ಕಿಂಗ್, ರಿಸೆಪ್ಷನ್, ಊಟದ ಹಾಲ್ ಇರುತ್ತವೆ; ರೂಮುಗಳು ಶುರುವಾಗುವುದೇ ಮೊದಲ ಅಂತಸ್ತಿನಿಂದ. ಕೆಳಗೇ ರೂಂ ಇದೆ ಎಂದರೂ ರಸ್ತೆಯಿಂದ ರಿಸೆಪ್ಷನ್‌ಗೆ ಆರೇಳು ಮೆಟ್ಟಿಲು ಇರಬಹುದು. ಮಳೆನೀರು ನುಗ್ಗದಿರಲೆಂದು ಕರಾವಳಿಯಲ್ಲಿ ಪಾಯ ಎತ್ತರಿಸಿ ಕಟ್ಟುವುದು ಸಾಮಾನ್ಯ. ಲಿಫ್ಟ್ ಇದೆ ಎನ್ನುತ್ತಾರೆ, ಆದರೆ ಲಿಫ್ಟಿನ ಬಾಗಿಲಿಗೆ ಹೋಗಲು ನಾಲ್ಕು ಮೆಟ್ಟಿಲು! ಹೀಗಾಗಿ ಅಂತಸ್ತು ಯಾವುದೆಂದು ಕೇಳಿದರೆ ಸಾಲದು. ಕಾರು ನಿಲ್ಲುವಲ್ಲಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರಿಸಲು ಅವರು ಎದ್ದು ಹೋಗಿ ಎಣಿಸಲೇಬೇಕಾಗುತ್ತದೆ.

ಬಚ್ಚಲುಮನೆಯದೂ ಇದೇ ಕಥೆ. ಮಂಡಿ ಬಗ್ಗದವರಿಗೆ ಕಮೋಡ್ ಇರಲೇಬೇಕು. ಬಚ್ಚಲಿನ ಹೊಸ್ತಿಲು ಎತ್ತರವಿದ್ದರೆ ಅರ್ಧ ನಿದ್ದೆಯಲ್ಲಿ ಎದ್ದಾಗ ಎಡವುತ್ತಾರೆ. ಹಿಡಿದುಕೊಳ್ಳಲು ಗೋಡೆಗೆ ಕಂಬಿ ಇದ್ದರೆ ಅದು ದೊಡ್ಡ ಆಸರೆ. ಸ್ಟಾರ್ ದರ್ಜೆಯ ಹೋಟೆಲಾದರೆ ಅಂಗವಿಕಲರಿಗೆಂದೇ ಸಜ್ಜುಗೊಳಿಸಿದ ರೂಂ ಇದೆಯೇ ಎಂದು ವಿಚಾರಿಸಿ. ಗಾಲಿಕುರ್ಚಿ ಬಳಸದ ಅಜ್ಜಿಗೂ ಅದನ್ನು ಕೇಳಲು ಸಂಕೋಚ ಬೇಡ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಎರಡು ರೂಂ ಹಿಡಿದ ಕುಟುಂಬವೊಂದು ಬರೆಯಬಹುದಾದ ಪತ್ರ ಹೀಗಿರುತ್ತದೆ:

*ವಿಷಯ: ಫೆಬ್ರವರಿ 14, ಬೆಳಿಗ್ಗೆ 7ಕ್ಕೆ ಬರುತ್ತೇವೆ, ವೃದ್ಧರಿಗೆ ಕೆಳಗಿನ ರೂಂ ಬೇಕು (ಬುಕಿಂಗ್ ಸಂಖ್ಯೆ …)*

*ಮಾನ್ಯರೇ,*

*ಫೆಬ್ರವರಿ 14 ಮತ್ತು 15ರ ರಾತ್ರಿಗೆ ನಿಮ್ಮಲ್ಲಿ ಎರಡು ರೂಂ ಬುಕ್ ಮಾಡಿದ್ದೇವೆ. ನಮ್ಮ ಜೊತೆ 78 ವರ್ಷದ ಅಜ್ಜಿ ಬರುತ್ತಿದ್ದಾರೆ. ಮಂಡಿ ನೋವಿರುವುದರಿಂದ ಕೋಲು ಹಿಡಿದು ನಡೆಯುತ್ತಾರೆ. ಕೈ ಹಿಡಿದರೆ ಎರಡು ಮೂರು ಮೆಟ್ಟಿಲು ಹತ್ತಬಲ್ಲರು, ಅದಕ್ಕಿಂತ ಹೆಚ್ಚು ಆಗುವುದಿಲ್ಲ.*

*ಬೆಳಿಗ್ಗೆ 7ಕ್ಕೆ ಒಂದು ರೂಂ ಸಿಕ್ಕರೆ ಸಾಕು, ಇನ್ನೊಂದಕ್ಕೆ 12ರವರೆಗೆ ಕಾಯುತ್ತೇವೆ. ಇದಕ್ಕೆ ಹೆಚ್ಚುವರಿ ಎಷ್ಟಾಗುತ್ತದೆ ತಿಳಿಸಿ. ಖಾತ್ರಿ ಕೊಡಲು ಆಗದಿದ್ದರೆ ಆ ಒಂದು ರೂಮನ್ನು 13ರ ರಾತ್ರಿಯಿಂದಲೇ ತೆಗೆದುಕೊಳ್ಳುತ್ತೇವೆ. ಅದರ ಬಾಡಿಗೆಯನ್ನೂ ತಿಳಿಸಿ.*

*ಆ ರೂಂ ಕೆಳ ಅಂತಸ್ತಿನಲ್ಲಿರಲಿ. ಇಲ್ಲವಾದರೆ ಮೊದಲ ಅಂತಸ್ತಿನಲ್ಲಿ ಲಿಫ್ಟ್ ಪಕ್ಕದ್ದಾದರೂ ಆದೀತು. ಕಾರು ನಿಲ್ಲುವಲ್ಲಿಂದ ರೂಮಿನವರೆಗೆ ಎಷ್ಟು ಮೆಟ್ಟಿಲುಗಳಿವೆ? ಕರೆಂಟ್ ಹೋದರೆ ಲಿಫ್ಟ್ ಜನರೇಟರ್‌ನಲ್ಲಿ ನಡೆಯುತ್ತದೆಯೇ? ಬಚ್ಚಲಲ್ಲಿ ಕಮೋಡ್ ಇದೆಯೇ?*

*ದಯವಿಟ್ಟು 7ನೇ ತಾರೀಖಿನೊಳಗೆ ಉತ್ತರಿಸಿ.*

ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ‘ಒಂದು ರೂಂ ಸಿಕ್ಕರೆ ಸಾಕು’ ಎಂಬ ಮಾತು. ಎರಡು ರೂಂ ಬೆಳಿಗ್ಗೆ ಖಾಲಿ ಮಾಡಿಸುವುದು ಹೋಟೆಲಿಗೆ ಕಷ್ಟ, ಒಂದನ್ನು ಹೊಂದಿಸುವುದು ಅಷ್ಟು ಕಷ್ಟವಲ್ಲ. ಅಜ್ಜಿ ಯಾರು, ಏನು ಕಾಯಿಲೆ ಎಂದು ಉದ್ದಕ್ಕೆ ವಿವರಿಸುವುದಕ್ಕಿಂತ ಎಷ್ಟು ಮೆಟ್ಟಿಲು ಹತ್ತಬಲ್ಲರು ಎಂದು ಹೇಳಿದರೆ ರೂಂ ಹಂಚುವವರಿಗೆ ಕೆಲಸ ಸುಲಭ. ಹಾಗೆಯೇ, ಬೆಳಿಗ್ಗೆ ರೂಂ ಬೇಕೆನ್ನುವುದನ್ನೂ ಕೆಳಗೆ ಬೇಕೆನ್ನುವುದನ್ನೂ ಬೇರೆ ಬೇರೆಯಾಗಿಯೇ ಬರೆಯಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಕೇಳಿದರೆ ಒಂದಕ್ಕೆ ಹೂಂ ಎಂದು ಇನ್ನೊಂದನ್ನು ಮರೆತಿರುತ್ತಾರೆ.

ಬರುವ ಉತ್ತರವನ್ನು ಎಚ್ಚರದಿಂದ ಓದಿ. ‘ಪ್ರಯತ್ನಿಸುತ್ತೇವೆ’, ‘ರೂಂ ಖಾಲಿ ಇದ್ದರೆ ಕೊಡುತ್ತೇವೆ’ ಎಂದಿದ್ದರೆ ಖಾತ್ರಿ ಇಲ್ಲವೆಂದೇ ಅರ್ಥ. ಶನಿವಾರವಾದರೆ ಹಿಂದಿನ ರಾತ್ರಿಗೆ ದುಡ್ಡು ಕಟ್ಟುವುದೇ ಒಳ್ಳೆಯದು. ಬೇರೆ ದಿನವಾದರೆ ಇನ್ನೊಂದು ಪ್ರಶ್ನೆ ಕೇಳಿಡಿ: ರೂಂ ಸಿಗುವವರೆಗೆ ಅಜ್ಜಿ ಮುಖ ತೊಳೆದು ಕಾಲು ಚಾಚಲು ಬೇರೆ ಯಾವುದಾದರೂ ಜಾಗ ಉಂಟೇ? ಕೆಳ ಅಂತಸ್ತಿನ ರೂಂ ಸಿಕ್ಕಿತೆಂದಾದರೆ ಅದು ಅಡುಗೆಮನೆಗೋ ಜನರೇಟರ್‌ಗೋ ಅಂಟಿಕೊಂಡಿದೆಯೇ, ಕಿಟಕಿಗೆ ಸೊಳ್ಳೆಪರದೆ ಇದೆಯೇ ಎಂದೂ ವಿಚಾರಿಸಿ. ಬೇಗ ಸಿಗುವ ರೂಂ ಒಮ್ಮೊಮ್ಮೆ ಬೇರೆಯವರು ಬೇಡವೆಂದು ಬಿಟ್ಟದ್ದೂ ಆಗಿರುತ್ತದೆ.

ಕೊನೆಗೊಂದು ಫೋನ್ ಮಾಡಬೇಕು, ಬಸ್ ಹತ್ತುವ ಸಂಜೆ. ಪತ್ರಕ್ಕೆ ಉತ್ತರ ಕೊಟ್ಟವರು ಹಗಲು ಪಾಳಿಯವರು. ಬೆಳಿಗ್ಗೆ ಏಳಕ್ಕೆ ಕೀ ಕೊಡುವವರು ರಾತ್ರಿ ಪಾಳಿಯವರು. ಹಗಲಿನ ಮಾತು ರಾತ್ರಿಯವರಿಗೆ ತಿಳಿಯದೆ ಆ ರೂಮನ್ನು ಹತ್ತು ಗಂಟೆಗೆ ಬಂದ ಇನ್ಯಾರಿಗೋ ಕೊಟ್ಟುಬಿಟ್ಟಿರಬಹುದು. ಹಾಗಾಗಿ ಬುಕಿಂಗ್ ಸಂಖ್ಯೆ ಹೇಳಿ, ಬಂದ ಉತ್ತರವನ್ನು ಫೋನಿನಲ್ಲೇ ಓದಿ ಹೇಳಿ, ಅಜ್ಜಿಗೆಂದು ಇಟ್ಟ ರೂಂ ನಂಬರ್ ಕೇಳಿ ಬರೆದುಕೊಳ್ಳಿ. ನಂಬರ್ ಹೇಳಲು ತಡವರಿಸಿದರೆ ರೂಂ ಇನ್ನೂ ಎತ್ತಿಟ್ಟಿಲ್ಲ ಎಂದು ತಿಳಿಯಿರಿ. ಎತ್ತಿಡಿಸಲು ಆಗ ಇನ್ನೂ ಸಮಯವಿರುತ್ತದೆ.