ಮುಚ್ಚಿದ ಲಕೋಟೆ ಮತ್ತು ನಾಲ್ಕು ಪ್ರಶ್ನೆಗಳು

2022ರ ಜನವರಿ 31ರಂದು ಮಲಯಾಳಂ ಸುದ್ದಿ ವಾಹಿನಿ ‘ಮೀಡಿಯಾ ಒನ್’ ಪ್ರಸಾರ ನಿಂತುಹೋಯಿತು. ಅದಕ್ಕೆ 2011ರಲ್ಲಿ ಸಿಕ್ಕಿದ್ದ ಹತ್ತು ವರ್ಷದ ಅನುಮತಿಯನ್ನು ನವೀಕರಿಸಲು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಒಪ್ಪಲಿಲ್ಲ. ಗೃಹ ಸಚಿವಾಲಯ ಭದ್ರತಾ ಅನುಮೋದನೆ ಕೊಟ್ಟಿಲ್ಲ ಎಂಬುದಷ್ಟೇ ಕಾರಣ. ಯಾಕೆ ಕೊಟ್ಟಿಲ್ಲ ಎಂದು ಕೇಳಿದರೆ ಅದು ರಹಸ್ಯ. ಕಂಪನಿ ಕೇರಳ ಹೈಕೋರ್ಟಿಗೆ ಹೋಯಿತು. ಅಲ್ಲಿ ಸರ್ಕಾರ ತನ್ನ ಕಡತವನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ನ್ಯಾಯಮೂರ್ತಿಗಳಿಗೆ ಮಾತ್ರ ಕೊಟ್ಟಿತು. ಏಕಸದಸ್ಯ ಪೀಠ ಓದಿ ಅರ್ಜಿ ವಜಾ ಮಾಡಿತು. ವಿಭಾಗೀಯ ಪೀಠ ಸಮಸ್ಯೆಯ ಸ್ವರೂಪ, ಆಳ ಎಷ್ಟೆಂಬುದು ಕಡತದಿಂದ ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡಿತು. ಆದರೂ ದೇಶದ ಭದ್ರತೆಯ ವಿಷಯವೆಂದು ಮೇಲ್ಮನವಿಯನ್ನು ತಳ್ಳಿಹಾಕಿತು.

ತನ್ನ ಮೇಲಿನ ಆರೋಪವೇನೆಂದೇ ಗೊತ್ತಿಲ್ಲದ ಕಕ್ಷಿದಾರನ ಪರವಾಗಿ ವಕೀಲರು ಏನೆಂದು ವಾದಿಸಬೇಕು? 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ದೊಡ್ಡ ಭಾಗ ಈ ಪ್ರಶ್ನೆಯ ಸುತ್ತಲೇ ಇದೆ. ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧ ‘ಸಮಂಜಸ’ವೋ ಅಲ್ಲವೋ ಎಂದು ನಮ್ಮ ನ್ಯಾಯಾಲಯಗಳು ಹೇಗೆ ಅಳೆಯುತ್ತವೆ ಎಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ತೋಚುವುದಿಲ್ಲ.

ಸಂವಿಧಾನದ 19ನೇ ವಿಧಿಯ ಮೊದಲ ಖಂಡ ಮಾತಿನ ಹಕ್ಕು ಕೊಡುತ್ತದೆ, ಎರಡನೆಯದು ಅದಕ್ಕೆ ಬೇಲಿ ಹಾಕುತ್ತದೆ. ದೇಶದ ಸಾರ್ವಭೌಮತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ: ನಿರ್ಬಂಧ ಹಾಕುವುದಾದರೆ ಇವುಗಳಲ್ಲಿ ಒಂದರ ಹೆಸರಿನಲ್ಲೇ ಹಾಕಬೇಕು. ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಮಾತು ಮೂಲ ಪಠ್ಯದ ಈ ಖಂಡದಲ್ಲಿ ಇರಲಿಲ್ಲ. 1951ರ ಮೊದಲ ತಿದ್ದುಪಡಿ ಸರ್ಕಾರಕ್ಕೆ ಹೊಸ ಕಾರಣಗಳನ್ನು ಒದಗಿಸಿತು, ಜೊತೆಗೆ ಈ ಶಬ್ದವನ್ನೂ ಸೇರಿಸಿತು. ಮಾತನ್ನು ಬಿಗಿಗೊಳಿಸಲು ಬಂದ ತಿದ್ದುಪಡಿಯೇ ನ್ಯಾಯಾಲಯದ ಕೈಗೆ ಅಳತೆಗೋಲನ್ನೂ ಇಟ್ಟುಹೋಯಿತು. ಮರುವರ್ಷವೇ ವಿ.ಜಿ. ರಾವ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ, ತಡೆಯಬೇಕಾದ ಕೇಡು ಎಷ್ಟು ದೊಡ್ಡದು, ಹೇರಿದ ಕಟ್ಟು ಅದಕ್ಕೆ ಮೀರಿದ್ದೇ ಎಂದು ನೋಡಬೇಕೆಂದರು. ಆದರೆ ಹೇಗೆ ನೋಡಬೇಕು ಎಂಬುದು ಬಹಳ ಕಾಲ ಆಯಾ ಪೀಠದ ವಿವೇಚನೆಗೇ ಬಿಟ್ಟದ್ದಾಗಿತ್ತು.

ಅದಕ್ಕೊಂದು ಕ್ರಮ ಬಂದದ್ದು 2016ರ ಮಾಡರ್ನ್ ಡೆಂಟಲ್ ಕಾಲೇಜ್ ತೀರ್ಪಿನಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನ ಮತ್ತು ಆಧಾರ್ ಮೊಕದ್ದಮೆಗಳಲ್ಲಿ ಅದು ಗಟ್ಟಿಯಾಯಿತು. ವಕೀಲರು ಇದನ್ನು ‘ಪ್ರಪೋರ್ಷನಾಲಿಟಿ ಟೆಸ್ಟ್’ ಎನ್ನುತ್ತಾರೆ. ನಾವು ಅನುಪಾತ ಪರೀಕ್ಷೆ ಎನ್ನೋಣ. ಇದರಲ್ಲಿ ನಾಲ್ಕು ಪ್ರಶ್ನೆಗಳಿವೆ. ಸರ್ಕಾರದ ಉದ್ದೇಶ ಸಂವಿಧಾನ ಒಪ್ಪುವಂಥದ್ದೇ? ಕೈಗೊಂಡ ಕ್ರಮದಿಂದ ಆ ಉದ್ದೇಶ ಈಡೇರುತ್ತದೆಯೇ? ಹಕ್ಕಿಗೆ ಇಷ್ಟು ಪೆಟ್ಟು ಕೊಡದೆ ಅದನ್ನೇ ಸಾಧಿಸುವ ಬೇರೆ ದಾರಿ ಇರಲಿಲ್ಲವೇ? ಕೊನೆಗೆ, ಬರುವ ಲಾಭಕ್ಕೆ ಹೋಲಿಸಿದರೆ ಆಗುವ ನಷ್ಟ ಹೆಚ್ಚಾಯಿತೇ? ಒಂದರಲ್ಲಿ ಎಡವಿದರೆ ಮುಂದಿನದಕ್ಕೆ ಹೋಗುವ ಅಗತ್ಯವಿಲ್ಲ. ಉತ್ತರ ಕೊಡುವ ಹೊಣೆ ಹಕ್ಕು ಮೊಟಕುಗೊಳಿಸಿದ ಸರ್ಕಾರದ್ದು, ಹಕ್ಕು ಕಳೆದುಕೊಂಡವನದ್ದಲ್ಲ.

ಮೀಡಿಯಾ ಒನ್ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠ ಮೊದಲು ಲಕೋಟೆಯನ್ನೇ ಈ ಪರೀಕ್ಷೆಗೆ ಒಡ್ಡಿತು. ದೇಶದ ಭದ್ರತೆ, ಗುಪ್ತಚರರ ಗೋಪ್ಯತೆ ಒಪ್ಪತಕ್ಕ ಉದ್ದೇಶಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಇಡೀ ಕಡತವನ್ನು ಮುಚ್ಚಿಡುವುದು ಬೇಕಿತ್ತೇ? ಸೂಕ್ಷ್ಮ ಭಾಗಗಳಿಗೆ ಮಸಿ ಬಳಿದು ಉಳಿದದ್ದನ್ನು ಕೊಡಬಹುದಿತ್ತು. ಅದೂ ಆಗದಿದ್ದರೆ ಕಾರಣದ ಸಾರಾಂಶವನ್ನಾದರೂ ಹೇಳಬಹುದಿತ್ತು. ಹಗುರವಾದ ದಾರಿಗಳಿದ್ದೂ ಅತ್ಯಂತ ಭಾರವಾದದ್ದನ್ನೇ ಹಿಡಿದದ್ದು ತಪ್ಪೆಂದು ಪೀಠ ಹೇಳಿತು. ಗುಪ್ತಚರ ವರದಿ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ರಹಸ್ಯವಾಗುವುದಿಲ್ಲ ಎಂದೂ ಸೇರಿಸಿತು.

ಆಮೇಲೆ ಕಡತದೊಳಗೆ ಏನಿತ್ತೆಂದು ನೋಡಿತು. ಒಂದು ಆಕ್ಷೇಪ, ವಾಹಿನಿಯ ನಿಲುವು ವ್ಯವಸ್ಥೆಯ ವಿರುದ್ಧವಾಗಿದೆ ಎಂಬುದು. ಪುರಾವೆಯಾಗಿ ಕೊಟ್ಟದ್ದು ಯುಎಪಿಎ, ಪೌರತ್ವ ತಿದ್ದುಪಡಿ ಕಾಯ್ದೆ, ಎನ್‌ಆರ್‌ಸಿ, ನ್ಯಾಯಾಂಗ ಇವುಗಳ ಬಗೆಗಿನ ಟೀಕೆಯ ವರದಿಗಳನ್ನು. ಇದು ಮೊದಲ ಪ್ರಶ್ನೆಯಲ್ಲೇ ಬಿದ್ದುಹೋಯಿತು. ಸರ್ಕಾರದ ನೀತಿಯನ್ನು ಟೀಕಿಸಬಾರದು ಎಂಬ ಕಾರಣ 19(2)ರ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಇನ್ನೊಂದು ಆಕ್ಷೇಪ, ಜಮಾತೆ ಇಸ್ಲಾಮಿ ಹಿಂದ್ ಜೊತೆಗಿನ ನಂಟು. ಇಲ್ಲಿ ಉದ್ದೇಶವನ್ನು ಒಪ್ಪಿದರೂ ಎರಡನೆಯ ಪ್ರಶ್ನೆ ಅಡ್ಡಬಂತು. ಆ ಸಂಘಟನೆಯ ಮೇಲೆ ನಿಷೇಧವಿಲ್ಲ. ಷೇರುದಾರರಿಗೆ ಅದರ ಒಲವಿದೆ ಎಂದು ಹೇಳಲಾಗಿತ್ತು. ಕಡತದಲ್ಲಿದ್ದದ್ದು ಹೆಸರುಗಳ ಪಟ್ಟಿ, ನಂಟು ತೋರಿಸುವ ಆಧಾರವಲ್ಲ. ನಾಲ್ಕು ವಾರದೊಳಗೆ ಅನುಮತಿ ನವೀಕರಿಸಿ ಎಂದು ಆದೇಶವಾಯಿತು. ಹೈಕೋರ್ಟಿನ ಪೀಠಗಳು ನೋಡಿದ್ದೂ ಸರ್ಕಾರ ಲಕೋಟೆಯಲ್ಲಿಟ್ಟು ಕೊಟ್ಟ ಕಡತವನ್ನೇ. ‘ಭದ್ರತೆ’ ಎಂಬ ಶಬ್ದ ಕಂಡಲ್ಲಿ ಅವು ನಿಂತವು, ಸುಪ್ರೀಂ ಕೋರ್ಟ್ ಅಲ್ಲಿಂದಾಚೆಗೂ ಓದಿತು.

ಪರೀಕ್ಷೆ ಇದ್ದ ಮಾತ್ರಕ್ಕೆ ಅಳತೆ ನಡೆದೇ ನಡೆಯುತ್ತದೆ ಎಂದುಕೊಳ್ಳಬೇಡಿ. ಮೂರು ವರ್ಷ ಮೊದಲು, 2020ರ ಜನವರಿ 10ರಂದು ಬಂದ ಅನುರಾಧಾ ಭಸಿನ್ ತೀರ್ಪನ್ನು ನೋಡಿ. ‘ಕಾಶ್ಮೀರ್ ಟೈಮ್ಸ್’ ಪತ್ರಿಕೆಯ ಸಂಪಾದಕಿ ಅವರು. 2019ರ ಆಗಸ್ಟಿನಲ್ಲಿ ಜಮ್ಮು ಕಾಶ್ಮೀರದ ಇಂಟರ್ನೆಟ್ ಕಡಿದದ್ದನ್ನು ಪ್ರಶ್ನಿಸಿದ್ದರು. ಇಂಟರ್ನೆಟ್ ಮೂಲಕ ಆಡುವ ಮಾತಿಗೂ 19ನೇ ವಿಧಿಯ ರಕ್ಷಣೆಯಿದೆ, ಅನಿರ್ದಿಷ್ಟಾವಧಿ ಸ್ಥಗಿತ ಸಲ್ಲದು, ಆದೇಶಗಳನ್ನು ಪ್ರಕಟಿಸಬೇಕು ಎಂದೆಲ್ಲ ತೀರ್ಪು ಹೇಳಿತು. ಅನುಪಾತ ಪರೀಕ್ಷೆಯನ್ನು ಪುಟಗಟ್ಟಲೆ ವಿವರಿಸಿತು. ಆದರೆ ಆ ಸ್ಥಗಿತ ಪರೀಕ್ಷೆಯಲ್ಲಿ ಪಾಸೋ ಫೇಲೋ ಎಂದು ತಾನೇ ಹೇಳಲಿಲ್ಲ. ಆದೇಶಗಳನ್ನು ಅಧಿಕಾರಿಗಳೇ ಮರುಪರಿಶೀಲಿಸಲಿ ಎಂದಿತು. ಎಲ್ಲ ಆದೇಶಗಳು ಕೋರ್ಟಿನ ಮುಂದೆ ಬಂದೂ ಇರಲಿಲ್ಲ, ಸರ್ಕಾರ ಮಾದರಿಗೆಂದು ಕೆಲವನ್ನಷ್ಟೇ ಕೊಟ್ಟಿತ್ತು. ನನ್ನ ಪ್ರಕಾರ ತೀರ್ಪಿನ ದೊಡ್ಡ ಕೊರತೆ ಇದೇ.

ಇಲ್ಲಿ ಮೂರನೆಯ ಪ್ರಶ್ನೆಗೆ ಸರ್ಕಾರದ ಉತ್ತರವೂ ಗಮನಿಸುವಂಥದ್ದು. ಕೆಲವು ತಾಣಗಳನ್ನು ಮಾತ್ರ ಆರಿಸಿ ತಡೆಯುವುದು ತಾಂತ್ರಿಕವಾಗಿ ಆಗದ ಕೆಲಸ ಎಂದು ಅದು ವಾದಿಸಿತ್ತು. ಹಾಗೆಂದು ಒಪ್ಪಿದರೆ ಪ್ರತಿ ಬಾರಿಯೂ ಪೂರ್ತಿ ಇಂಟರ್ನೆಟ್ ಕಡಿಯಲು ರಹದಾರಿ ಕೊಟ್ಟಂತೆ ಎಂದು ಪೀಠ ಎಚ್ಚರಿಸಿತು. ತೀರ್ಪು ಬಂದ ತಿಂಗಳಲ್ಲೇ ಕಣಿವೆಗೆ 2ಜಿ ಮರಳಿತು, ಅದೂ ಸರ್ಕಾರ ಆರಿಸಿದ ಸುಮಾರು 300 ತಾಣಗಳಿಗೆ ಮಾತ್ರ! 4ಜಿ ಎಲ್ಲೆಡೆ ಬಂದದ್ದು 2021ರ ಫೆಬ್ರವರಿಯಲ್ಲಿ.

‘ಬೇರೆ ದಾರಿ ಇರಲಿಲ್ಲವೇ’ ಎಂಬ ಇದೇ ಪ್ರಶ್ನೆ ಬೆಂಗಳೂರಿಗೂ ಬಂತು. ಆಕ್ಷೇಪಾರ್ಹ ಟ್ವೀಟ್ ತಡೆಯಿರಿ, ಇಡೀ ಖಾತೆಯನ್ನೇ ಮುಚ್ಚಿದರೆ ಇನ್ನೂ ಬರೆಯದ ಮಾತನ್ನೂ ತಡೆದಂತಾಗುತ್ತದೆ ಎಂದು ಟ್ವಿಟರ್ ಕರ್ನಾಟಕ ಹೈಕೋರ್ಟಿನಲ್ಲಿ ವಾದಿಸಿತ್ತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ವಾದ ಒಪ್ಪಲಿಲ್ಲ. ಖಾತೆಯನ್ನೇ ತಡೆಯುವ ಅಧಿಕಾರ ಸರ್ಕಾರಕ್ಕಿದೆ ಎಂದು ಹೇಳಿ, ಕಂಪನಿಗೆ 50 ಲಕ್ಷ ರೂಪಾಯಿ ದಂಡ ಹಾಕಿದರು. ಕಂಪನಿ ಮೇಲ್ಮನವಿ ಸಲ್ಲಿಸಿತು.