ಯಾವ ಸಮಯವಾದರೂ ಸರಿ ಎನ್ನುವ ಮನೆಗೆ ವೇಳಾಪಟ್ಟಿ

"ಹಝ್ರತ್, ನಮ್ಮ ಮನೆಗೊಂದು ಟೈಮ್‌ಟೇಬಲ್ ಮಾಡಿಕೊಡಿ. ನಮಗೆ ಇಂಥದ್ದೇ ಸಮಯ ಅಂತೇನಿಲ್ಲ, ನೀವು ಹೇಗೆ ಹಾಕಿದರೂ ಸರಿ." ಪರೀಕ್ಷೆ ಹತ್ತಿರ ಬರುವ ತಿಂಗಳುಗಳಲ್ಲಿ ಜುಮುಅ ಮುಗಿಸಿ ಹೊರಡುವಾಗ ಇಂಥ ಮಾತು ನಮ್ಮ ಕಿವಿಗೆ ಬೀಳುತ್ತದೆ. ಆದರೆ ಯಾವ ನಿರ್ಬಂಧವೂ ಇಲ್ಲದ ಮನೆ ಇರುವುದಿಲ್ಲ. ಇಲ್ಲ ಎನಿಸುವುದು ಏಕೆಂದರೆ, ಮನೆಯಲ್ಲಿ ಯಾರೋ ಒಬ್ಬರು ಎಲ್ಲರ ಸಮಯಕ್ಕೂ ಹೊಂದಿಕೊಂಡು ನಡೆಯುತ್ತಿರುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದು ತಾಯಿ.

ಆದ್ದರಿಂದ ಪಟ್ಟಿ ಬರೆಯುವ ಮೊದಲು ಮೂರು ಪ್ರಶ್ನೆ ಕೇಳೋಣ. ಯಾರು ಎಷ್ಟು ಗಂಟೆಗೆ ಮನೆ ಬಿಡಲೇಬೇಕು? ಎಲ್ಲರೂ ಹಂಚಿಕೊಳ್ಳುವ ಒಂದೇ ವಸ್ತು ಯಾವುದು? ರಾತ್ರಿ ಕೊನೆಗೆ ಮಲಗುವವರು ಯಾರು, ಏಕೆ?

ಬೆಂಗಳೂರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ ಅಂಗಡಿ, ರಾತ್ರಿ ಒಂಬತ್ತೂಕಾಲಿಗೆ ಮನೆಗೆ ಬರುತ್ತಾರೆ. 15 ವರ್ಷದ ಮಗ ಎಸ್ಸೆಸ್ಸೆಲ್ಸಿ, ಮಗಳಿಗೆ 11. ಇಬ್ಬರೂ ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಹೊರಡಬೇಕು. ಬಚ್ಚಲು ಒಂದೇ. ನಲ್ಲಿ ನೀರು ದಿನ ಬಿಟ್ಟು ದಿನ, ಆರರಿಂದ ಏಳರವರೆಗೆ. "ಏನೂ ಇಲ್ಲ" ಎಂದ ಮನೆಯಲ್ಲಿ ಈಗಲೇ ನಾಲ್ಕು ಗಂಟುಗಳು ಸಿಕ್ಕವು.

ಬೆಳಗನ್ನು ಹಿಂದಿನಿಂದ ಎಣಿಸಬೇಕು. ಎಂಟೂವರೆಗೆ ಹೊರಡಲು ಎಂಟಕ್ಕೆ ತಿಂಡಿ. ಒಬ್ಬರಿಗೆ ಕಾಲು ಗಂಟೆಯಂತೆ ಮಗ ಏಳೂಕಾಲಿಗೆ, ಮಗಳು ಏಳೂವರೆಗೆ, ತಂದೆ ಏಳೂಮುಕ್ಕಾಲಿಗೆ ಸ್ನಾನಕ್ಕೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ಫಜ್ರ್ ಸಮಯ ಶುರುವಾಗುವುದು ಸುಮಾರು ಐದೂವರೆಗೆ. ಆಗ ಎದ್ದು ನಮಾಝ್ ಮುಗಿಸಿದರೆ ಆರರಿಂದ ಏಳೂಕಾಲರವರೆಗೆ ಮಗನಿಗೆ ಓದಲು ಸಮಯ ಸಿಗುತ್ತದೆ. ನೀರು ಬರುವ ದಿನ ತಾಯಿ ಏಳರವರೆಗೆ ನಲ್ಲಿಯ ಬಳಿ ಇರುವುದರಿಂದ ಅಂದು ಅವಲಕ್ಕಿಯೋ ಉಪ್ಪಿಟ್ಟೋ ಸಾಕು. ಇದನ್ನು ಪಟ್ಟಿಯಲ್ಲೇ ಬರೆಯಿರಿ.

ಈಗ ರಾತ್ರಿ. ಮಗಳ ವಯಸ್ಸಿಗೆ ಕನಿಷ್ಠ ಒಂಬತ್ತು ಗಂಟೆ, ಮಗನಿಗೆ ಎಂಟು ಗಂಟೆ ನಿದ್ದೆ ಬೇಕೆನ್ನುತ್ತಾರೆ ವೈದ್ಯರು. ಐದೂವರೆಗೆ ಏಳಬೇಕಾದರೆ ಮಗಳು ಎಂಟೂವರೆಗೆ, ಮಗ ಒಂಬತ್ತೂವರೆಗೆ ಮಲಗಬೇಕು. ಆದರೆ ತಂದೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಉಣ್ಣುವುದು ಮನೆಯ ರೂಢಿ. ಬೆಳಗಿನ ಓದು ತೂಕಡಿಕೆಯಾಗುವುದಕ್ಕೆ ಕಾರಣ ಮಗನ ಸೋಮಾರಿತನವಲ್ಲ, ಈ ಊಟದ ಸಮಯ. ಒಟ್ಟಿಗೆ ಕೂರುವುದನ್ನು ಬಿಡಬೇಕಿಲ್ಲ. ಅದನ್ನು ಎಂಟು ಗಂಟೆಯ ತಿಂಡಿಗೆ ಬದಲಾಯಿಸಿ, ಮಕ್ಕಳಿಗೆ ರಾತ್ರಿ ಎಂಟರೊಳಗೆ ಬಡಿಸಿದರೆ ಗಂಟು ಬಿಚ್ಚುತ್ತದೆ.

ಉಳಿದದ್ದು ತಾಯಿಯ ಸಾಲು. ತಂದೆಗೆ ಬಡಿಸಿ, ಪಾತ್ರೆ ತೊಳೆದು ಅವರು ಮಲಗುವಾಗ ಹನ್ನೊಂದು, ಏಳುವುದು ಎಲ್ಲರಿಗಿಂತ ಮೊದಲು. ಹಾಗಾಗಿ ಪಟ್ಟಿಯಲ್ಲಿ ತಾಯಿಗೂ ಒಂದು ಸಾಲಿರಲಿ, ಮಲಗುವ ಹೊತ್ತು ಅದರಲ್ಲಿರಲಿ. ಮಕ್ಕಳ ಊಟದ ಪಾತ್ರೆ ಮಗ ತೊಳೆಯಲಿ. ತಂದೆಯ ಊಟ ಹಾಟ್‌ಬಾಕ್ಸ್‌ನಲ್ಲಿರಲಿ, ತಾವೇ ಬಡಿಸಿಕೊಂಡು ತಟ್ಟೆ ತೊಳೆದಿಡಲಿ. ಪ್ರವಾದಿಯವರು (ಸ) ಮನೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ (ರ) ತಿಳಿಸಿದ್ದು ಬುಖಾರಿಯಲ್ಲಿದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಂಜೆಯ ಓದನ್ನು ಗಡಿಯಾರದ ಗಂಟೆಯಲ್ಲಿ ಬರೆಯಬೇಡಿ, "ಮಗ್ರಿಬ್‌ನಿಂದ ಇಶಾವರೆಗೆ" ಎಂದೇ ಬರೆಯಿರಿ. ಬೆಂಗಳೂರಿನಲ್ಲಿ ನವೆಂಬರ್ ನಡುವಿನಲ್ಲಿ ಸೂರ್ಯಾಸ್ತ ಸುಮಾರು 5:50ಕ್ಕೆ, ಜುಲೈ ಮೊದಲಲ್ಲಿ ಸುಮಾರು 6:50ಕ್ಕೆ. "ಆರೂವರೆಗೆ ಓದು" ಎಂದು ಬರೆದ ಪಟ್ಟಿ ಜುಲೈನಲ್ಲಿ ಮಗ್ರಿಬ್‌ಗೆ ಅಡ್ಡ ಬರುತ್ತದೆ. ಮಗ್ರಿಬ್ ಮತ್ತು ಇಶಾ ನಡುವಿನ ಅಂತರವಾದರೋ ವರ್ಷವಿಡೀ ಒಂದೂಕಾಲು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ. ಜುಲೈನಲ್ಲಿ ಇಶಾ ಎಂಟು ದಾಟುವುದರಿಂದ ಮಗಳ ಊಟ ಅದಕ್ಕೆ ಮೊದಲೇ ಆಗಬೇಕು. ರಮಝಾನಿಗೆ ಈ ಪಟ್ಟಿ ನಡೆಯದು, ಅದಕ್ಕೆ ಬೇರೆಯದೇ ಹಾಳೆ ಬೇಕು.

ಪಟ್ಟಿಯನ್ನು ಒಂದು ವಾರ ಪೆನ್ಸಿಲ್‌ನಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ತಪ್ಪಿದ ಸಾಲಿಗೆ ಗುರುತು ಹಾಕಿ. ಒಂದೇ ಸಾಲು ವಾರದಲ್ಲಿ ಮೂರು ಸಲ ತಪ್ಪಿದರೆ ಮಕ್ಕಳನ್ನು ಗದರಬೇಡಿ. ನಾವು ಕೇಳದೆ ಬಿಟ್ಟ ನಿರ್ಬಂಧವೊಂದು ಅಲ್ಲಿ ಅಡಗಿದೆ. ಅದನ್ನು ಹುಡುಕಿ, ಆ ಸಾಲನ್ನು ಅಳಿಸಿ ಬರೆಯಿರಿ.